ಸರಾಸರಿ 1025 ಯೂನಿಟ್: ಟೆಕ್ಸಸ್‌ನಲ್ಲಿ ವಿದ್ಯುತ್ ಯೋಜನೆ ಆರಿಸಿದ ನನ್ನ ಅನುಭವ

ಕರ್ನಾಟಕದಲ್ಲಿ ಮನೆಗೆ ಕರೆಂಟ್ ಯಾರಿಂದ ಕೊಳ್ಳಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಆಯಾ ಪ್ರದೇಶಕ್ಕೆ ಒಂದು ಸರಬರಾಜು ಕಂಪನಿ, ಆಯೋಗ ನಿಗದಿ ಮಾಡಿದ ಒಂದು ದರ. ಬಿಲ್ ಬಂದರೆ ಕಟ್ಟುವುದಷ್ಟೇ ನಮ್ಮ ಕೆಲಸ. ಟೆಕ್ಸಸ್‌ನ ಹೆಚ್ಚಿನ ಭಾಗದಲ್ಲಿ 2002ರಿಂದ ಹಾಗಿಲ್ಲ. ಆಸ್ಟಿನ್, ಸ್ಯಾನ್ ಆಂಟೋನಿಯೊದಂತೆ ನಗರಸಭೆಯೇ ವಿದ್ಯುತ್ ಕೊಡುವ ಊರುಗಳನ್ನು ಬಿಟ್ಟರೆ, ಡಲ್ಲಾಸ್ ಸುತ್ತಮುತ್ತ ನೆಲೆಸಿದ ನಮ್ಮಂಥವರು ಹತ್ತಾರು ಮಾರಾಟ ಕಂಪನಿಗಳ ನೂರಾರು ಯೋಜನೆಗಳ ನಡುವೆ ಒಂದನ್ನು ಆರಿಸಿ, ಸಾಮಾನ್ಯವಾಗಿ ವರ್ಷದ ಕರಾರಿಗೆ ಒಪ್ಪಿಕೊಳ್ಳಬೇಕು. ತಂತಿ, ಕಂಬ ಮತ್ತು ಮೀಟರು ಮಾತ್ರ ಯಾರಿಂದ ಕೊಂಡರೂ ಒಂದೇ ಕಂಪನಿಯವು. ನಮ್ಮ ಇರ್ವಿಂಗ್‌ನಲ್ಲಿ ಅದು ಆನ್‌ಕೋರ್. ಹಾಗಾಗಿ ಅಗ್ಗದ ಯೋಜನೆ ಹಿಡಿದರೆ ಕರೆಂಟ್ ಹೆಚ್ಚು ಹೋಗುತ್ತದೆ ಎಂಬ ಭಯಕ್ಕೆ ಕಾರಣವಿಲ್ಲ.

ನಾವು ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಬಂದ ಮೊದಲ ವರ್ಷದ ಕರಾರು ಫೆಬ್ರವರಿಯಲ್ಲಿ ಮುಗಿಯಿತು. ರಾಜ್ಯದ ಆಯೋಗವೇ ನಡೆಸುವ powertochoose.org ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿ, ತಿಂಗಳಿಗೆ 1000 ಯೂನಿಟ್ ಬಳಸಿದರೆ ಬೀಳುವ ದರದ ಪ್ರಕಾರ ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಮೇಲೆಯೇ ಇದ್ದ 10.4 ಸೆಂಟಿನ ಯೋಜನೆಗೆ ಸಹಿ ಹಾಕಿದೆ. ಮನೆಯ ಬಳಕೆ ಸರಾಸರಿ ತಿಂಗಳಿಗೆ 1000 ಯೂನಿಟ್‌ಗಿಂತ ತುಸು ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಸಾಕೆಂದುಕೊಂಡಿದ್ದೇ ತಪ್ಪಾಯಿತು.

ಜೂನ್ ಮೊದಲ ವಾರ ಮೇ ತಿಂಗಳ ಬಿಲ್ ಬಂತು: 930 ಯೂನಿಟ್, 190 ಡಾಲರ್. ಯೂನಿಟ್‌ಗೆ 20 ಸೆಂಟಿಗಿಂತ ಹೆಚ್ಚು. ಸಹಿ ಹಾಕುವಾಗ ಓದದೆ ಬಿಟ್ಟಿದ್ದ ‘ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್’ ಎಂಬ ಹಾಳೆಯನ್ನು ಆಗ ತೆಗೆದು ನೋಡಿದೆ. ಪ್ರತಿ ಯೋಜನೆಗೂ ಕಂಪನಿ ಇದನ್ನು ಕೊಡಲೇಬೇಕು. ಅದರ ತಲೆಯ ಮೇಲೆ 500, 1000 ಮತ್ತು 2000 ಯೂನಿಟ್‌ಗಳಿಗೆ ಸರಾಸರಿ ದರ ಅಚ್ಚಾಗಿರುತ್ತದೆ. ನನ್ನ ಯೋಜನೆಯಲ್ಲಿ ಅವು ಕ್ರಮವಾಗಿ 20.8, 10.4 ಮತ್ತು 15.2 ಸೆಂಟ್ ಆಗಿದ್ದವು. ನಡುವಿನ ಅಂಕಿ ಎರಡೂ ಬದಿಯ ಅಂಕಿಗಳಿಗಿಂತ ಇಷ್ಟು ಕೆಳಗೆ ಬಿದ್ದಿದ್ದರೆ ಅಲ್ಲೊಂದು ಹಳ್ಳ ತೋಡಿದ್ದಾರೆಂದೇ ಅರ್ಥ. ಕೆಳಗೆ ಸಣ್ಣ ಅಕ್ಷರದಲ್ಲಿ ಅದರ ಕಾರಣವೂ ಇತ್ತು: ವಿದ್ಯುತ್ತಿನ ಬೆಲೆ ಯೂನಿಟ್‌ಗೆ 15 ಸೆಂಟ್, ಆದರೆ ಆ ಬಿಲ್ಲಿನ ಅವಧಿಯಲ್ಲಿ ಬಳಕೆ 1000 ಯೂನಿಟ್ ಮುಟ್ಟಿದರೆ 100 ಡಾಲರ್ ಮನ್ನಾ. 999 ಆದರೆ ಒಂದು ಕಾಸೂ ಇಲ್ಲ. ಇದರ ಮೇಲೆ ಆನ್‌ಕೋರ್‌ನ ಸಾಗಣೆ ಶುಲ್ಕ ಬೇರೆ. ಅದನ್ನು ತಿಂಗಳಿಗೆ 4 ಡಾಲರ್ ಮತ್ತು ಯೂನಿಟ್‌ಗೆ 5 ಸೆಂಟ್ ಎಂದು ದುಂಡಗೆ ಹಿಡಿದಿದ್ದೇನೆ. ಈ ಶುಲ್ಕ ವರ್ಷಕ್ಕೆ ಎರಡು ಬಾರಿ ಬದಲಾಗುತ್ತದೆ, ಎಲ್ಲ ಮಾರಾಟ ಕಂಪನಿಗಳಿಗೂ ಒಂದೇ ಇರುತ್ತದೆ. ತೆರಿಗೆ ಮತ್ತು ಸಣ್ಣಪುಟ್ಟ ಶುಲ್ಕಗಳನ್ನು ಲೆಕ್ಕದಿಂದ ಬಿಟ್ಟಿದ್ದೇನೆ.

ಮೇ ತಿಂಗಳಲ್ಲಿ ಇನ್ನೂ 70 ಯೂನಿಟ್ ಉರಿಸಿದ್ದರೆ ಬಿಲ್ 204 ಡಾಲರ್ ಆಗಿ, ಅದರಲ್ಲಿ ನೂರು ಕಳೆದು 104ಕ್ಕೆ ಇಳಿಯುತ್ತಿತ್ತು. ಇದನ್ನು ಹೇಳಿದಾಗ ನನ್ನ ಹೆಂಡತಿ, “ಕರೆಂಟ್ ಸುಮ್ಮನೆ ಸುಟ್ಟಿದ್ದರೆ ಎಂಬತ್ತಾರು ಡಾಲರ್ ಉಳೀತಿತ್ತು ಅಂದರೆ ಇದು ಯಾವ ಸೀಮೆ ಲೆಕ್ಕ ರೀ?” ಎಂದಳು. ಬಿಲ್ ಮುಗಿಯುವ ಹಿಂದಿನ ದಿನಗಳಲ್ಲಿ ಮೀಟರ್ ನೋಡಿಕೊಂಡು ಓವನ್ ಹಚ್ಚಿಡುವವರೂ ಇದ್ದಾರೆಂದು ಕೇಳಿದ್ದೇನೆ. ನನಗೆ ಅದು ಒಗ್ಗಲಿಲ್ಲ.

ಆ ರಾತ್ರಿ ಮಾಡಿದ ಕೆಲಸವನ್ನು ಸಹಿಗೆ ಮೊದಲೇ ಮಾಡಬೇಕಿತ್ತು. ಇಲ್ಲಿನ ಸ್ಮಾರ್ಟ್ ಮೀಟರ್‌ಗಳು ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸುವ ಬಳಕೆಯನ್ನು smartmetertexas.com ಜಾಲತಾಣದಿಂದ ಗ್ರಾಹಕರೇ ಇಳಿಸಿಕೊಳ್ಳಬಹುದು, ಬಿಲ್ಲಿನಲ್ಲಿರುವ ಇ.ಎಸ್.ಐ. ಐಡಿ ಎಂಬ ಸಂಪರ್ಕದ ಗುರುತಿನ ಸಂಖ್ಯೆ ಮತ್ತು ಮೀಟರ್ ಸಂಖ್ಯೆ ಕೊಟ್ಟು ಖಾತೆ ತೆರೆಯಬೇಕು. ಹಿಂದಿನ ಹನ್ನೆರಡು ಬಿಲ್ಲುಗಳ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಜನವರಿಯಿಂದ ಡಿಸೆಂಬರ್ ಕ್ರಮಕ್ಕೆ ತಂದರೆ ಅವು 1040, 890, 640, 610, 930, 1380, 1620, 1710, 1290, 780, 590, 820. ಒಟ್ಟು 12,300, ಅಂದರೆ ತಿಂಗಳಿಗೆ ಸರಾಸರಿ 1025. ಸರಾಸರಿ ಸಾವಿರವನ್ನು ದಾಟಿದರೂ, ಸಾವಿರ ದಾಟಿದ ತಿಂಗಳುಗಳು ಐದೇ ಐದು. ಮನ್ನಾ ಸಿಗುವುದು ಸರಾಸರಿಗಲ್ಲ, ಒಂದೊಂದು ಬಿಲ್ಲಿಗೆ. ನಮ್ಮಲ್ಲಿ ಮನೆ ಬೆಚ್ಚಗಿಡುವ ಹೀಟಿಂಗ್ ಮತ್ತು ಬಿಸಿನೀರು ಅನಿಲದಿಂದ ನಡೆಯುವುದರಿಂದ ಬೇಸಗೆಯ ಏ.ಸಿ. ಬಿಟ್ಟರೆ ಉಳಿದ ಕಾಲದಲ್ಲಿ ಬಳಕೆ ಕಡಿಮೆ, ಮತ್ತು ಆ ಕಡಿಮೆ ತಿಂಗಳುಗಳೇ ಹೆಚ್ಚು.

ಹೋಲಿಕೆಗೆ ಅದೇ ಫೆಬ್ರವರಿಯಲ್ಲಿ ನಾನು ನೋಡಿಯೂ ಕೈಬಿಟ್ಟಿದ್ದ ಒಂದು ಸಾದಾ ಯೋಜನೆಯನ್ನು ತೆಗೆದುಕೊಂಡೆ. ಅದರಲ್ಲಿ ಮನ್ನಾ ಇಲ್ಲ, ಕನಿಷ್ಠ ಬಳಕೆಯ ದಂಡವೂ ಇಲ್ಲ, ಯೂನಿಟ್‌ಗೆ 9.5 ಸೆಂಟ್ ಮಾತ್ರ. ಅದರ ಲೇಬಲ್‌ನಲ್ಲಿ ಮೂರು ದರಗಳು 15.3, 14.9, 14.7 ಸೆಂಟ್ ಎಂದು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಪಟ್ಟಿಯಲ್ಲಿ 14.9 ಸೆಂಟ್ ಎಷ್ಟೋ ಪುಟ ಕೆಳಗಿದ್ದುದರಿಂದ ನನಗದು ದುಬಾರಿಯಾಗಿ ಕಂಡಿತ್ತು. ತಿಂಗಳ ಬಳಕೆ B ಅಂಕಣದಲ್ಲಿದ್ದರೆ ಎರಡು ಯೋಜನೆಗಳ ಸೂತ್ರ ಇಷ್ಟೇ:

```
=B2*0.20+4-IF(B2>=1000,100,0)
=B2*0.145+4
```

ಹನ್ನೆರಡು ಸಾಲುಗಳನ್ನು ಕೂಡಿದಾಗ ಮನ್ನಾ ಯೋಜನೆಗೆ ವರ್ಷಕ್ಕೆ 2,008 ಡಾಲರ್, ಸಾದಾ ಯೋಜನೆಗೆ 1,831.50 ಡಾಲರ್ ಬಂತು. 10.4 ಸೆಂಟನ್ನು ನಂಬಿ ನಾನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ವರ್ಷದ ಖರ್ಚು 1,280ರ ಆಸುಪಾಸಿನಲ್ಲಿತ್ತು. ಪಟ್ಟಿಯ ತುದಿಯಲ್ಲಿದ್ದ ಯೋಜನೆ ನಮ್ಮ ಮನೆಗೆ 176.50 ಡಾಲರ್ ದುಬಾರಿ ಎಂದಾಯಿತು.

ಕರಾರು ಮುರಿದು ಹೋಗೋಣವೆಂದರೆ ಅವಧಿಗೆ ಮುಂಚೆ ಬಿಟ್ಟವರಿಗೆ 150 ಡಾಲರ್ ದಂಡವಿತ್ತು. 176 ಉಳಿಯುವಾಗ 150 ಕಟ್ಟಿದರೂ ಲಾಭವೇ ಎಂದು ಮೊದಲು ಅನ್ನಿಸಿತು. ಆದರೆ ನೋಡಬೇಕಾದ್ದು ಇಡೀ ವರ್ಷವನ್ನಲ್ಲ, ಉಳಿದ ತಿಂಗಳುಗಳನ್ನು. ಫೆಬ್ರವರಿಯಿಂದ ಮೇವರೆಗಿನ ನಾಲ್ಕೂ ಬಿಲ್ಲುಗಳು ಸಾವಿರದ ಕೆಳಗಿದ್ದವು, 168.85 ಡಾಲರ್ ನಷ್ಟ ಆಗಲೇ ಆಗಿಹೋಗಿತ್ತು. ಜೂನ್‌ನಿಂದ ಜನವರಿವರೆಗಿನ ಎಂಟು ತಿಂಗಳಿಗೆ ಹಿಂದಿನ ವರ್ಷದ ಬಳಕೆಯನ್ನೇ ಹಿಡಿದರೆ ಮನ್ನಾ ಯೋಜನೆಗೆ 1,378 ಮತ್ತು ಸಾದಾ ಯೋಜನೆಗೆ 1,370 ಡಾಲರ್. ಐದು ಮನ್ನಾಗಳೂ ಇನ್ನು ಮುಂದೆ ಬರುವಂಥವೇ. ಎಂಟು ಡಾಲರ್ ಉಳಿಸಲು 150 ಕಟ್ಟುವ ಅರ್ಥವಿರಲಿಲ್ಲ. ಕಹಿಯಾದರೂ ಅದೇ ಯೋಜನೆಯಲ್ಲಿ ಉಳಿದೆ.

ಆ ಐದು ಮನ್ನಾಗಳಲ್ಲಿಯೂ ಜನವರಿಯದನ್ನು ನಾನು ನಂಬಿರಲಿಲ್ಲ. ಹಿಂದಿನ ಜನವರಿಯಲ್ಲಿ 1040 ಆಗಿದ್ದಕ್ಕೆ ಎರಡು ಕಾರಣ. ಊರಿನಿಂದ ಬಂದಿದ್ದ ಅಮ್ಮ ಚಳಿ ತಡೆಯಲಾರದೆ ತಮ್ಮ ಕೋಣೆಯಲ್ಲಿ ಇಡೀ ರಾತ್ರಿ ಎಲೆಕ್ಟ್ರಿಕ್ ಹೀಟರ್ ಹಾಕಿಕೊಳ್ಳುತ್ತಿದ್ದರು. ಮೇಲಾಗಿ ಆ ಬಿಲ್ 33 ದಿನಗಳದ್ದಾಗಿತ್ತು. ಮೀಟರ್ ಓದುವ ದಿನ ತಿಂಗಳಿನಿಂದ ತಿಂಗಳಿಗೆ ಹಿಂದೆ ಮುಂದೆ ಆಗುತ್ತದೆ. ಅದೇ ಬಳಕೆ 29 ದಿನಗಳ ಬಿಲ್ಲಿಗೆ ಬಿದ್ದಿದ್ದರೆ 914 ಆಗಿ ನೂರು ಡಾಲರ್ ತಪ್ಪಿಹೋಗುತ್ತಿತ್ತು. ಗೆರೆಯಿಂದ ಹತ್ತು ಪ್ರತಿಶತದೊಳಗೆ ಇರುವ ತಿಂಗಳನ್ನು ಮನ್ನಾ ಸಿಕ್ಕಂತೆ ಲೆಕ್ಕಕ್ಕೆ ಹಿಡಿಯಬಾರದೆಂಬ ನಿಯಮವನ್ನು ಅಂದಿನಿಂದ ಪಾಲಿಸುತ್ತಿದ್ದೇನೆ.

ಮುಂದಿನ ಕರಾರಿನ ಹೊತ್ತಿಗೆ ‘ರಾತ್ರಿ ಕರೆಂಟ್ ಉಚಿತ’ ಎಂಬ ಯೋಜನೆಯೊಂದು ಕಣ್ಣು ಕುಕ್ಕಿತು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಿದ್ಯುತ್ತಿಗೆ ಬೆಲೆಯಿಲ್ಲ, ಹಗಲಿಗೆ 19 ಸೆಂಟ್, ಸಾಗಣೆ ಶುಲ್ಕ ಎರಡು ಹೊತ್ತಿಗೂ ಉಂಟು. ಹಗಲಿನ ಬೆಲೆ ಸಾದಾ ಯೋಜನೆಯ ಸರಿಯಾಗಿ ಎರಡರಷ್ಟಿರುವುದರಿಂದ, ಒಟ್ಟು ಬಳಕೆಯ ಅರ್ಧ ಪಾಲು ರಾತ್ರಿಗೆ ಬಿದ್ದರೆ ಎರಡೂ ಸಮ. ಅದಕ್ಕಿಂತ ಕಡಿಮೆಯಾದರೆ ನಷ್ಟ. ಇದನ್ನು ಊಹಿಸಲು ಹೋಗದೆ ಹದಿನೈದು ನಿಮಿಷದ ದಾಖಲೆಗಳನ್ನು ಕೂಡಿಸಿ ನೋಡಿದೆ. ರಾತ್ರಿಯ ಪಾಲು 34 ಪ್ರತಿಶತ. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದನ್ನೆಲ್ಲ ರಾತ್ರಿಗೆ ತಳ್ಳಿದರೂ ಅದು ಅರ್ಧಕ್ಕೆ ಏರುವಂತಿರಲಿಲ್ಲ, ಏಕೆಂದರೆ ನಮ್ಮ ಬಳಕೆಯ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರ ಏ.ಸಿ. ಆ ಯೋಜನೆ ವರ್ಷಕ್ಕೆ ಸುಮಾರು 2,205 ಡಾಲರ್ ಆಗುತ್ತಿತ್ತು, ಅಂದರೆ ನಾನು ಬೈದುಕೊಂಡ ಮನ್ನಾ ಯೋಜನೆಗಿಂತಲೂ ಹೆಚ್ಚು.

ಕೊನೆಗೆ ಸಾದಾ ಯೋಜನೆಯೊಂದನ್ನೇ ಹಿಡಿದೆ. ಕರಾರು ಮುಗಿಯುವ ಹಿಂದಿನ 14 ದಿನಗಳೊಳಗೆ ಬೇರೆ ಕಂಪನಿಗೆ ಹೋದರೆ ದಂಡವಿಲ್ಲ. ಆ ದಿನ ತಪ್ಪಿಸಿಕೊಂಡರೆ ಹಳೆಯ ಕಂಪನಿ ತಿಂಗಳಿಂದ ತಿಂಗಳಿಗೆ ಬದಲಾಗುವ ದರಕ್ಕೆ ನಮ್ಮನ್ನು ತಳ್ಳುತ್ತದೆ, ಅದು ಸಾಮಾನ್ಯವಾಗಿ ದುಬಾರಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹದಿನಾಲ್ಕನೆಯ ದಿನಕ್ಕೆ ಕೆಂಪು ಗುರುತು ಹಾಕಿಟ್ಟಿದ್ದೆ.

ಈಗ ಲೆಕ್ಕ ಮತ್ತೆ ತಿರುಗುವ ಹಾಗಿದೆ. ವಿದ್ಯುತ್ ಕಾರು ಕೊಳ್ಳುವ ಮಾತು ನಡೆದಿರುವುದರಿಂದ ಅದೇ ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ತಿಂಗಳಿಗೂ 250 ಯೂನಿಟ್ ಕೂಡಿಸಿ ನೋಡಿದೆ. ಸಾವಿರ ದಾಟುವ ತಿಂಗಳು ಐದರಿಂದ ಒಂಬತ್ತಕ್ಕೆ ಏರುತ್ತದೆ. ಹಳೆಯ ದರಗಳಲ್ಲೇ ಮನ್ನಾ ಯೋಜನೆಗೆ 2,208, ಸಾದಾ ಯೋಜನೆಗೆ 2,266.50 ಡಾಲರ್. ನನ್ನನ್ನು ಬೀಳಿಸಿದ ಯೋಜನೆಯೇ 58.50 ಡಾಲರ್ ಅಗ್ಗವಾಗಿಬಿಟ್ಟಿತು. ಕಾರನ್ನು ರಾತ್ರಿಯೇ ಚಾರ್ಜ್ ಮಾಡಿದರೂ ರಾತ್ರಿಯ ಪಾಲು 47 ಪ್ರತಿಶತಕ್ಕೆ ನಿಲ್ಲುವುದರಿಂದ ‘ಉಚಿತ’ ಯೋಜನೆ ಆಗಲೂ ಹಿಂದೆಯೇ ಉಳಿಯುತ್ತದೆ. ಹೆಂಡತಿ ಆ ಒಂಬತ್ತು ತಿಂಗಳುಗಳ ಮೇಲೆ ಬೆರಳಿಟ್ಟು ನೋಡುತ್ತಾ ಬಂದು ಅಕ್ಟೋಬರ್‌ನಲ್ಲಿ ನಿಂತಳು: 1030. ಆ ಒಂದು ತಿಂಗಳ ಮನ್ನಾ ತಪ್ಪಿದರೂ ಸಾದಾ ಯೋಜನೆಯೇ ಗೆಲ್ಲುತ್ತದೆ, ಮತ್ತು ಡಿಸೆಂಬರ್‌ನ 1070 ಕೂಡ ನನ್ನ ಹತ್ತು ಪ್ರತಿಶತದ ಗೆರೆಯೊಳಗೇ ಇದೆ. ಸದ್ಯಕ್ಕೆ ಕಾರು ಬಂದ ಮೇಲಿನ ಮೂರು ಬಿಲ್ಲುಗಳನ್ನು ಕಾಣುವವರೆಗೆ ಸಾದಾ ಯೋಜನೆಯಲ್ಲೇ ಇರುವುದೆಂದು ಇಬ್ಬರೂ ಒಪ್ಪಿದ್ದೇವೆ.