ಒಂದು ಸಲಕ್ಕೆ ನಾಲ್ಕೇ ಕಿಲೋಮೀಟರ್ ಓಡುವ ಕಾರಿಗೆ ಯಾವ ಎಂಜಿನ್ ಆಯಿಲ್?

ಮೈಸೂರಿನಲ್ಲಿರುವ ನಮ್ಮ ಭಾವನ ಕಾರು 1.2 ಲೀಟರ್‌ನ ಸಣ್ಣ ಪೆಟ್ರೋಲ್ ಗಾಡಿ. ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್, ವಾಪಸ್ ನಾಲ್ಕು. ಎರಡು ವರ್ಷದ ಹಿಂದೆ ಗ್ಯಾರೇಜಿನವರು ಫುಲ್ಲಿ ಸಿಂಥೆಟಿಕ್ ಆಯಿಲ್ ಹಾಕಿ, "15 ಸಾವಿರ ಕಿಲೋಮೀಟರ್ ತನಕ ಮುಟ್ಟೋದೇ ಬೇಡ ಸಾರ್" ಎಂದಿದ್ದರು. ಭಾವ ಹಾಗೇ ಬಿಟ್ಟರು. ಕಳೆದ ಡಿಸೆಂಬರಿನಲ್ಲಿ ನಾನು ಆಯಿಲ್ ಮುಚ್ಚಳ ತಿರುಗಿಸಿ ತೆಗೆದರೆ, ಒಳಗೆ ಮಜ್ಜಿಗೆ ಕಡೆದಾಗ ಬರುವ ಬೆಣ್ಣೆಯಂತೆ ಹಳದಿ ಕೆನೆ ಮೆತ್ತಿಕೊಂಡಿತ್ತು. ಗಾಡಿ ಆಗ ಓಡಿದ್ದು ಬರೀ 5,800 ಕಿಲೋಮೀಟರ್.

ಆಯಿಲ್ ಕೆಟ್ಟದ್ದಲ್ಲ. ಲೆಕ್ಕ ಹಾಕಿದ ರೀತಿ ತಪ್ಪು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತದೆ, ಜೊತೆಗೆ ಉರಿಯದ ಪೆಟ್ರೋಲ್ ಕೂಡ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಹಾರಿಹೋಗುತ್ತವೆ. ಆದರೆ ನಾಲ್ಕು ಕಿಲೋಮೀಟರಿಗೆ ಆಯಿಲ್ ಕಾಯುವುದೇ ಇಲ್ಲ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದರೂ ಅದು ಎಂಜಿನ್ ತಣಿಸುವ ಕೂಲಂಟ್‌ನ ಬಿಸಿ; ಆಯಿಲ್ ಕಾಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹೀಗಾಗಿ ಇಂಥ ಕಾರಿನಲ್ಲಿ ಆಯಿಲ್ ಹಾಳಾಗುವುದು ತಿಂಗಳ ಲೆಕ್ಕದಲ್ಲಿ, ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ.

1. ಮೊದಲು ಮ್ಯಾನ್ಯುಯಲ್ ತೆಗೆಯಿರಿ. ಗ್ಲೋವ್‌ಬಾಕ್ಸಿನಲ್ಲಿ ಇರುತ್ತದೆ. ಅದರಲ್ಲಿ ಬರೆದಿರುವ ಗ್ರೇಡ್, ಅಂದರೆ ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಎನ್ನುವ ಗುರುತು ನೋಡಿ: 0ಡಬ್ಲ್ಯೂ-20, 5ಡಬ್ಲ್ಯೂ-30, ಹಳೇ ಗಾಡಿಯಾದರೆ 15ಡಬ್ಲ್ಯೂ-40, ಹೀಗೆ. ಮಿನರಲ್ಲೋ ಸಿಂಥೆಟಿಕ್ಕೋ ಅನ್ನುವುದು ಆಮೇಲಿನ ಮಾತು. "ನಮ್ಮೂರು ಬಿಸಿ, ದಪ್ಪ ಆಯಿಲ್ ಹಾಕಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತೆಳು ಆಯಿಲ್‌ಗೆಂದೇ ಮಾಡಿದ ಎಂಜಿನ್‌ಗೆ ದಪ್ಪದ್ದು ಸುರಿದರೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಆಯಿಲ್ ತಲುಪುವುದು ತಡವಾಗುತ್ತದೆ. ಬೈಕಿಗೆಂದು ಮಾಡಿದ ಆಯಿಲ್ ಅಂತೂ ಬೇಡವೇ ಬೇಡ. ಅದನ್ನು ಬೈಕಿನ ಕ್ಲಚ್ ಜಾರದಂತೆ ಮಾಡಿರುತ್ತಾರೆ.

2. ಈಗ ಮಿನರಲ್, ಸೆಮಿ ಸಿಂಥೆಟಿಕ್, ಫುಲ್ಲಿ ಸಿಂಥೆಟಿಕ್ ಮೂರನ್ನೂ ಹೋಲಿಸಿ. ಮಿನರಲ್ ಎಂದರೆ ಕಚ್ಚಾ ತೈಲದಿಂದ ಸಾಮಾನ್ಯವಾಗಿ ಶುದ್ಧ ಮಾಡಿದ್ದು. ಫುಲ್ಲಿ ಸಿಂಥೆಟಿಕ್‌ನಲ್ಲಿ ಅಣುಗಳು ಹೆಚ್ಚು ಒಂದೇ ಥರ ಇರುತ್ತವೆ. ಅದಕ್ಕೇ ಅದು ತಣ್ಣಗಿದ್ದಾಗ ಬೇಗ ಹರಿಯುತ್ತದೆ, ಬಿಸಿಯಲ್ಲಿ ಬೇಗ ಸುಡುವುದಿಲ್ಲ. ಸೆಮಿ ಸಿಂಥೆಟಿಕ್ ಇವೆರಡರ ಮಿಶ್ರಣ. ಎಷ್ಟಕ್ಕೆ ಎಷ್ಟು ಎಂದು ಡಬ್ಬಿ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. "ಸಿಂಥೆಟಿಕ್ ಟೆಕ್ನಾಲಜಿ" ಎಂದು ದೊಡ್ಡ ಅಕ್ಷರದಲ್ಲಿದ್ದರೆ ಅದನ್ನು ಸೆಮಿ ಎಂದೇ ತಿಳಿಯಿರಿ.

ನೀರು, ಪೆಟ್ರೋಲ್ ಸೇರಿದಾಗ ಹುಟ್ಟುವ ಆಮ್ಲವನ್ನು ತಡೆಯುವುದು ಮೂಲ ಎಣ್ಣೆ ಅಲ್ಲ, ಅದಕ್ಕೆ ಬೆರೆಸಿದ ರಾಸಾಯನಿಕಗಳು. ಅವು ಮೂರೂ ಬಗೆಯ ಆಯಿಲ್‌ನಲ್ಲಿ ಇರುತ್ತವೆ, ಮೂರರಲ್ಲೂ ಖರ್ಚಾಗುತ್ತವೆ. ಫುಲ್ಲಿ ಸಿಂಥೆಟಿಕ್ ಹೆದ್ದಾರಿಯ ಬಿಸಿಯಲ್ಲಿ ಜಾಸ್ತಿ ಬಾಳುತ್ತದೆ ನಿಜ. ಆ ಬಾಳಿಕೆ ನಾಲ್ಕು ಕಿಲೋಮೀಟರ್ ಓಡಿಸುವವರಿಗೆ ಸಿಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಹೀಗಿದೆ. ಮ್ಯಾನ್ಯುಯಲ್ 5ಡಬ್ಲ್ಯೂ-30 ಅಥವಾ 10ಡಬ್ಲ್ಯೂ-30 ಎಂದರೆ ಒಳ್ಳೆ ಸೆಮಿ ಸಿಂಥೆಟಿಕ್ ಹಾಕಿ, ಆರು ತಿಂಗಳಿಗೊಮ್ಮೆ ಬದಲಿಸಿ. ಒಂದೇ ಫುಲ್ಲಿ ಸಿಂಥೆಟಿಕ್ ಅನ್ನು ಎರಡು ವರ್ಷ ಎಳೆಯುವುದಕ್ಕಿಂತ ಇದು ಎಷ್ಟೋ ಮೇಲು. 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಎಂದಿದ್ದರೆ ಅಂಗಡಿಯಲ್ಲಿ ಸಿಗುವುದು ಬಹುತೇಕ ಫುಲ್ಲಿ ಸಿಂಥೆಟಿಕ್ಕೇ. ಅದನ್ನೇ ಹಾಕಿ, ಆದರೆ ವರ್ಷ ದಾಟಿಸಬೇಡಿ. ಟರ್ಬೊ ಇದ್ದರೂ ಫುಲ್ಲಿ ಸಿಂಥೆಟಿಕ್ಕೇ. ಮಿನರಲ್ ಹಾಕಬಹುದಾದದ್ದು 15ಡಬ್ಲ್ಯೂ-40, 20ಡಬ್ಲ್ಯೂ-50 ಕೇಳುವ ಹಳೇ ಗಾಡಿಗೆ ಮಾತ್ರ, ಅದೂ ಆರು ತಿಂಗಳ ಲೆಕ್ಕದಲ್ಲಿ.

3. ಮುಚ್ಚಳ, ಡಿಪ್‌ಸ್ಟಿಕ್ ಓದುವುದು. ಜನ ಎಡವುವುದು ಇಲ್ಲೇ. ಬಣ್ಣ ಕಪ್ಪಾಯಿತು ಎಂದು ಗಾಬರಿಯಾಗುತ್ತಾರೆ. ಕಪ್ಪಾಗುವುದು ತಪ್ಪಲ್ಲ, ಆಯಿಲ್ ಕಸ ಹಿಡಿದಿಟ್ಟುಕೊಂಡಿದೆ ಎಂದರ್ಥ. ನೋಡಬೇಕಾದದ್ದು ಬೇರೆ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆಯಿರಿ. ಮೊದಲ ಸಲ ಎಳೆದಾಗಿನ ಗೆರೆ ನಂಬಬೇಡಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಭಾವನ ಗಾಡಿಯಲ್ಲಿ ಅದು ಮೇಲಿನ ಗುರುತು ದಾಟಿ ಒಂದು ಉಗುರಿನಷ್ಟು ಮೇಲಿತ್ತು. ಯಾರೂ ಆಯಿಲ್ ಸುರಿದಿರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ. ಎರಡು ಬೆರಳಲ್ಲಿ ಉಜ್ಜಿದರೆ ಜಿಡ್ಡು ಕಡಿಮೆ, ನೀರಾಗಿತ್ತು. ಆಯಿಲ್ ಮಟ್ಟ ಏರಿದರೆ ಖುಷಿಪಡಬೇಡಿ, ಪೆಟ್ರೋಲೋ ನೀರೋ ಸೇರುತ್ತಿದೆ ಎಂದರ್ಥ.

ಇನ್ನು ಕೆನೆ. ಅದಕ್ಕೆ ಎರಡು ಕಾರಣ ಇರಬಹುದು: ಎಂಜಿನ್ ಒಳಗೆ ಹನಿಗಟ್ಟಿದ ನೀರು, ಇಲ್ಲವೇ ಎಂಜಿನ್ ಮೇಲ್ಭಾಗದ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ಸೇರಿದ ಕೂಲಂಟ್. ಎರಡನೆಯದು ದೊಡ್ಡ ಖರ್ಚು. ಬೇರ್ಪಡಿಸುವುದು ಹೀಗೆ. ಮುಚ್ಚಳ ಒರೆಸಿ, ಕೂಲಂಟ್ ಡಬ್ಬಿಯಲ್ಲಿ ಮಟ್ಟಕ್ಕೆ ಸರಿಯಾಗಿ ಟೇಪ್ ಅಂಟಿಸಿ, ಆಮೇಲೆ ಗಾಡಿಯನ್ನು ಒಮ್ಮೆ ದೂರ ಓಡಿಸಿ. ನಾವು ಆ ಭಾನುವಾರ ನಂಜನಗೂಡಿಗೆ ಹೋಗಿಬಂದೆವು. ಮಾರನೇ ದಿನ ಬೆಳಗ್ಗೆ ಮುಚ್ಚಳ ತೆಗೆದರೆ ಕೆನೆ ಇರಲಿಲ್ಲ. ಮೂರು ವಾರ ನೋಡಿದರೂ ಕೂಲಂಟ್ ಇಳಿಯಲಿಲ್ಲ. ಹಾಗಾದರೆ ಅದು ಬರೀ ಹನಿಗಟ್ಟಿದ ನೀರು. ಕೂಲಂಟ್ ಇಳಿಯುತ್ತಿದ್ದರೆ, ಅಥವಾ ಡಿಪ್‌ಸ್ಟಿಕ್ ಮೇಲೂ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ, ಗಾಡಿ ಓಡಿಸಬೇಡಿ, ಮೆಕ್ಯಾನಿಕ್ ಕರೆಸಿ.

ಮನೆ ಮುಂದೆ ನಿಲ್ಲಿಸಿ ಹತ್ತು ನಿಮಿಷ ಐಡ್ಲಿಂಗ್ ಬಿಡುವುದರಿಂದ ಉಪಯೋಗವಿಲ್ಲ. ಆಯಿಲ್ ಕಾಯುವುದಿಲ್ಲ, ಪೆಟ್ರೋಲ್ ಮಾತ್ರ ಇನ್ನಷ್ಟು ಸೇರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ರಿಂಗ್ ರೋಡಿನಲ್ಲಿ ಓಡಿಸಿ.

4. ಖರೀದಿ. ಡಬ್ಬಿ ಮೇಲೆ ಗ್ರೇಡ್ ಜೊತೆಗೆ ಗುಣಮಟ್ಟ ಹೇಳುವ ಎಪಿಐ ಗುರುತು ನೋಡಿ. ಈಗಿನ ಪೆಟ್ರೋಲ್ ಗಾಡಿಗೆ ಎಸ್‌ಪಿ ಇದ್ದರೆ ಒಳ್ಳೇದು, ಹಿಂದಿನ ಎಸ್‌ಎನ್ ಕೇಳುವ ಗಾಡಿಗೂ ಅದು ನಡೆಯುತ್ತದೆ. ಬಿಡಿಯಾಗಿ ಅಳೆದು ಕೊಡುವ ಆಯಿಲ್ ಬೇಡ. ಎಂಜಿನ್ ಫ್ಲಶ್, ಆಯಿಲ್‌ಗೆ ಬೆರೆಸುವ ಸಣ್ಣ ಬಾಟಲಿ ಕೂಡ ಬೇಡ. ಅದೇ ದುಡ್ಡನ್ನು ಹೊಸ ಫಿಲ್ಟರ್‌ಗೆ ಹಾಕಿ. ಖಾಲಿ ಡಬ್ಬಿ ಅಲ್ಲೇ ಬಿಟ್ಟು ಬರಬೇಡಿ. ಅದಕ್ಕೆ ನಕಲಿ ತುಂಬಿ ಮಾರುವವರಿದ್ದಾರೆ. ತೂತು ಮಾಡಿಸಿ ತನ್ನಿ.

5. ಬದಲಿಸುವುದು. ಎಂಜಿನ್ ಬಿಸಿ ಇರುವಾಗಲೇ ಹಳೇದನ್ನು ಇಳಿಸಿ, ಹನಿ ನಿಲ್ಲುವ ತನಕ ಕಾಯಿರಿ, ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿಸಿ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗಲು ವಿಶೇಷ ತಯಾರಿ ಏನೂ ಬೇಡ.

ಭಾವನ ಗಾಡಿಯ ಮ್ಯಾನ್ಯುಯಲ್ 5ಡಬ್ಲ್ಯೂ-30 ಎನ್ನುತ್ತದೆ. ಜನವರಿಯಲ್ಲಿ ಸೆಮಿ ಸಿಂಥೆಟಿಕ್ ಹಾಕಿಸಿದೆವು. ಬಾನೆಟ್ ಒಳಗೆ ಬಿಳಿ ಟೇಪಿನ ಮೇಲೆ ಮಾರ್ಕರ್‌ನಲ್ಲಿ "ಮುಂದಿನದು ಜುಲೈ" ಎಂದು ಬರೆದಿದ್ದೇವೆ. ಕಿಲೋಮೀಟರ್ ಬರೆದಿಲ್ಲ.