ಟವರ್ ಫುಲ್ ಇದ್ದರೂ ಇಂಟರ್ನೆಟ್ ತೆವಳುವುದೇಕೆ: 64 ಕೆಬಿಪಿಎಸ್ ಮಿತಿಯನ್ನು ನಾನು ಅಳೆದು ನೋಡಿದ್ದು

ಸಣ್ಣ ಅಂಗಡಿ, ಕಚೇರಿಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಸಂಜೆಯ ಹೊತ್ತಿಗೆ ನನಗೆ ಬರುವ ಫೋನ್ ಕರೆಗಳಲ್ಲಿ ಒಂದು ದೂರು ಖಾಯಂ: "ಟವರ್ ಫುಲ್ ಇದೆ ಸರ್, ಆದರೂ ಏನೂ ತೆರೆಯುತ್ತಿಲ್ಲ." ಹೆಚ್ಚಿನವರ ಪ್ಲಾನ್ ದಿನಕ್ಕೆ 1.5 ಜಿಬಿ ಅಥವಾ 2 ಜಿಬಿ. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ ಎಂದು ಪ್ಲಾನ್‌ನ ವಿವರದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆದರೆ 64 ಕೆಬಿಪಿಎಸ್ ಎಂದರೆ ಕೈಯಲ್ಲಿರುವ ಫೋನಿಗೆ ಏನಾಗುತ್ತದೆ, ಆ ಮಿತಿಯನ್ನು ಎಲ್ಲಿ, ಹೇಗೆ ಹೇರುತ್ತಾರೆ ಎಂಬುದನ್ನು ನಾನೇ ಅಳೆದು ನೋಡಬೇಕೆನಿಸಿತು.

ಮೊದಲು ಟವರ್‌ನ ವಿಷಯ. ನಮ್ಮ ಡೇಟಾ ಟವರ್‌ನಿಂದ ಕಂಪನಿಯ ಗೇಟ್‌ವೇಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಹೊರಡುತ್ತದೆ. ಬಳಕೆಯ ಲೆಕ್ಕ ನಡೆಯುವುದು ಈ ಗೇಟ್‌ವೇಯಲ್ಲಿ. ಲೆಕ್ಕ ನೋಡಿಕೊಳ್ಳುವ ಚಾರ್ಜಿಂಗ್ ವ್ಯವಸ್ಥೆ ಗೇಟ್‌ವೇಗೆ ಡೇಟಾವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಂಜೂರು ಮಾಡುತ್ತಿರುತ್ತದೆ. ಒಂದು ಕಂತು ಖರ್ಚಾದಾಗ ಗೇಟ್‌ವೇ ಮತ್ತೆ ಕೇಳುತ್ತದೆ. ದಿನದ ಪಾಲು ಮುಗಿದ ಸುದ್ದಿ ಪಾಲಿಸಿ ಸರ್ವರ್‌ಗೆ (4ಜಿಯಲ್ಲಿ ಅದಕ್ಕೆ ಪಿಸಿಆರ್‌ಎಫ್ ಎನ್ನುತ್ತಾರೆ) ತಲುಪುತ್ತದೆ. ಅದು ಗೇಟ್‌ವೇಗೆ ಹೊಸ ನಿಯಮ ಕಳಿಸುತ್ತದೆ: ಈ ಚಂದಾದಾರರ ವೇಗ ಇನ್ನು ಇಷ್ಟೇ. ಸಂಪರ್ಕ ಕಡಿಯುವುದಿಲ್ಲ, ಐಪಿ ವಿಳಾಸ ಬದಲಾಗುವುದಿಲ್ಲ, ರೇಡಿಯೋ ಸಿಗ್ನಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಫೋನಿನ ಮೇಲೆ 4ಜಿ ಚಿಹ್ನೆಯೂ ತುಂಬಿದ ಗೆರೆಗಳೂ ಹಾಗೆಯೇ ಉಳಿಯುತ್ತವೆ. ಜನ ಟವರ್ ಹುಡುಕಿಕೊಂಡು ಮಹಡಿಗೆ ಹತ್ತುವುದು ಇದೇ ಕಾರಣಕ್ಕೆ, ಪಾಪ.

ಅಳೆಯಲು ಪಾಲು ಮುಗಿದ ಸಿಮ್ ಇದ್ದ ಫೋನನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದೆ. ಫೋನಿನ ಬೇರೆ ಆ್ಯಪ್‌ಗಳ ಡೇಟಾವನ್ನೆಲ್ಲ ನಿಲ್ಲಿಸಿದೆ. ಲ್ಯಾಪ್‌ಟಾಪಿನ ಅಪ್‌ಡೇಟ್, ಕ್ಲೌಡ್ ಸಿಂಕ್‌ಗಳನ್ನೂ ಬಂದ್ ಮಾಡಿದೆ, ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ. ನಂತರ ನನ್ನದೇ ಸರ್ವರ್‌ನಲ್ಲಿಟ್ಟ 1 ಎಂಬಿ ಕಡತವನ್ನು ಇಳಿಸಿಕೊಳ್ಳುತ್ತ, ಇನ್ನೊಂದು ಕಿಟಕಿಯಲ್ಲಿ ಅದೇ ಸರ್ವರ್‌ಗೆ ಪ್ಯಾಕೆಟ್ ಎಂಬ ಡೇಟಾದ ಒಂದು ತುಣುಕು ಹೋಗಿ ಉತ್ತರ ಬರಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪಿಂಗ್ ಓಡಿಸಿದೆ.

```
curl -o /dev/null http://SERVER/1mb.bin
ping SERVER
```

ಲೆಕ್ಕ ಸರಳ. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 64,000 ಬಿಟ್, ಅಂದರೆ 8,000 ಬೈಟ್. ಪ್ರತಿ ಪ್ಯಾಕೆಟ್ಟಿನ ವಿಳಾಸದ ಭಾಗವಾದ ಹೆಡರ್‌ಗಳ ಪಾಲು ಕಳೆದರೆ 1 ಎಂಬಿ ಇಳಿಯಲು ಸುಮಾರು 130 ಸೆಕೆಂಡ್ ಬೇಕು. 1,500 ಬೈಟಿನ ಒಂದೇ ಒಂದು ಪೂರ್ಣ ಪ್ಯಾಕೆಟ್ ದಾಟಲು 187 ಮಿಲಿಸೆಕೆಂಡ್ ಹಿಡಿಯುತ್ತದೆ. 2 ಎಂಬಿಯ ಸುದ್ದಿಪುಟ ನಾಲ್ಕು ನಿಮಿಷ ದಾಟುತ್ತದೆ. ಅಷ್ಟರೊಳಗೆ ಬ್ರೌಸರ್ ಕೈಚೆಲ್ಲಿರುತ್ತದೆ.

ಎರಡು ಕಂಪನಿಗಳ ಸಿಮ್‌ಗಳಲ್ಲಿ ಇದನ್ನೇ ಮಾಡಿದಾಗ ನಿಜವಾದ ಸ್ವಾರಸ್ಯ ಕಂಡಿತು. ಮೊದಲನೆಯದರಲ್ಲಿ ಕಡತ ಸಮನಾಗಿ ಇಳಿಯಿತು, ಲೆಕ್ಕದ 130 ಸೆಕೆಂಡಿನ ಆಸುಪಾಸಿನಲ್ಲೇ ಮುಗಿಯಿತು. ಆದರೆ ಖಾಲಿ ಇದ್ದಾಗ 60 ಮಿಲಿಸೆಕೆಂಡಿನ ಹತ್ತಿರವಿದ್ದ ಪಿಂಗ್, ಇಳಿಕೆ ಶುರುವಾದ ಮೇಲೆ ಏರುತ್ತ ಮೂರು ಸೆಕೆಂಡ್ ತಲುಪಿತು. ಯಾವ ಪ್ಯಾಕೆಟ್ಟೂ ಕಳೆದುಹೋಗಲಿಲ್ಲ. ಎರಡನೆಯದರಲ್ಲಿ ಪಿಂಗ್ ಹೆಚ್ಚೇನೂ ಏರಲಿಲ್ಲ, ಆದರೆ ನಡುನಡುವೆ ಉತ್ತರವೇ ಬರಲಿಲ್ಲ. ಕಡತ ಮೊದಲ ಕ್ಷಣ ಚುರುಕಾಗಿ ಬಂದು, ಆಮೇಲೆ ನಿಂತು ನಿಂತು ಇಳಿದು ಎರಡೂವರೆ ನಿಮಿಷ ತೆಗೆದುಕೊಂಡಿತು.

ಮಿತಿ ಎರಡರಲ್ಲೂ ಒಂದೇ, ಹೇರುವ ರೀತಿ ಬೇರೆ. ಮೊದಲನೆಯದಕ್ಕೆ ಶೇಪಿಂಗ್ ಎನ್ನುತ್ತಾರೆ: ಮಿತಿ ಮೀರಿ ಬಂದ ಪ್ಯಾಕೆಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿ ನಿಧಾನವಾಗಿ ಬಿಡುತ್ತಾರೆ. ಮೂರು ಸೆಕೆಂಡಿನ ಪಿಂಗ್ ಎಂದರೆ ಮುಂದೆ 24,000 ಬೈಟ್, ಅಂದರೆ 16 ಪೂರ್ಣ ಪ್ಯಾಕೆಟ್‌ಗಳು ಕಾಯುತ್ತಿವೆ ಎಂದರ್ಥ. ಎರಡನೆಯದು ಪೊಲೀಸಿಂಗ್. ಗೇಟ್‌ವೇ ನಿಮ್ಮ ಹೆಸರಿನಲ್ಲಿ ಒಂದು ಖಾತೆ ಇಟ್ಟು ಅದಕ್ಕೆ ಸೆಕೆಂಡಿಗೆ 8,000 ಬೈಟ್ ಜಮೆ ಮಾಡುತ್ತದೆ. ಬಂದ ಪ್ಯಾಕೆಟ್ಟಿನಷ್ಟು ಜಮೆ ಖಾತೆಯಲ್ಲಿದ್ದರೆ ಬಿಡುತ್ತದೆ, ಇಲ್ಲದಿದ್ದರೆ ಎಸೆಯುತ್ತದೆ. ಮೊದಲು ಕಂಡ ಚುರುಕು, ಖಾತೆಯಲ್ಲಿ ಕೂಡಿದ್ದ ಸಣ್ಣ ಉಳಿತಾಯದ್ದು. ಎಸೆದ ಪ್ಯಾಕೆಟ್ಟನ್ನು ಸರ್ವರ್ ಮತ್ತೆ ಕಳಿಸಬೇಕು, ಕಳಿಸುವ ಮೊದಲು ತುಸು ಕಾಯಬೇಕು. ನಿಂತು ನಿಂತು ಇಳಿದದ್ದು ಅದರಿಂದ.

ಟವರ್‌ನಲ್ಲಿ ಜನದಟ್ಟಣೆ ಇದ್ದಾಗಲೂ ವೇಗ ಬೀಳುತ್ತದಲ್ಲ, ಅದನ್ನು ಬೇರೆ ಮಾಡಿ ಗುರುತಿಸುವುದು ಹೇಗೆ? ದಟ್ಟಣೆಯ ವೇಗ ಕ್ಷಣಕ್ಷಣಕ್ಕೂ ಕುಣಿಯುತ್ತದೆ, ಜಾಗ ಬದಲಿಸಿದರೆ ಬದಲಾಗುತ್ತದೆ. ಮಿತಿಯ ವೇಗ ಎಲ್ಲಿ ನಿಂತರೂ, ಯಾವ ಸರ್ವರ್‌ನಿಂದ ಇಳಿಸಿದರೂ ಸೆಕೆಂಡಿಗೆ 8 ಕೆಬಿಯ ಗೆರೆ ದಾಟುವುದಿಲ್ಲ. ಕಡತದ ವೇಗ 7ರಿಂದ 8 ಕೆಬಿಯಲ್ಲಿ ಅಂಟಿಕೊಂಡಿತೆಂದರೆ ನಾನು ಮತ್ತೇನೂ ಹುಡುಕುವುದಿಲ್ಲ.

ಇದೆಲ್ಲ ಕೆಲಸಕ್ಕೆ ಬಂದದ್ದು ಒಂದು ದಿನಸಿ ಅಂಗಡಿಯಲ್ಲಿ. ಅಂಗಡಿಯವರ ಫೋನಿನಿಂದ ರಾತ್ರಿ ಹೊತ್ತು ಯುಪಿಐ ಹಣ ಹೋಗುತ್ತಿರಲಿಲ್ಲ, ಸಗಟು ವ್ಯಾಪಾರಿಗೆ ಕಳಿಸಲು ನಾಳೆಯವರೆಗೆ ಕಾಯಬೇಕಿತ್ತು. ಯುಪಿಐಗೆ ಬೇಕಾಗುವ ಡೇಟಾ ತೀರ ಕಡಿಮೆ. 64 ಕೆಬಿಪಿಎಸ್ ಅದಕ್ಕೆ ಸಾಕು. ಆದರೆ ಅದು ಸರ್ವರ್‌ನೊಂದಿಗೆ ನಾಲ್ಕೈದು ಸಲ ಮಾತಾಡಬೇಕು: ಹೆಸರು ಹುಡುಕಬೇಕು, ಸಂಪರ್ಕ ಕಟ್ಟಬೇಕು, ಗೂಢಲಿಪಿಯ ಒಪ್ಪಂದ ಮಾಡಿಕೊಳ್ಳಬೇಕು, ಆಮೇಲೆ ವಿಷಯ ಕಳಿಸಬೇಕು. ಹಿನ್ನೆಲೆಯಲ್ಲಿ ಫೋಟೊ ಬ್ಯಾಕಪ್ಪೂ ಆ್ಯಪ್ ಅಪ್‌ಡೇಟೂ ಆ ಸಾಲನ್ನು ತುಂಬಿಬಿಟ್ಟಿದ್ದರೆ ಪ್ರತಿ ಮಾತಿಗೂ ಮೂರು ಸೆಕೆಂಡ್. ಒಟ್ಟು ಹದಿನೈದು ಸೆಕೆಂಡ್, ಅಷ್ಟರಲ್ಲಿ ಆ್ಯಪ್ ಸೋತಿರುತ್ತದೆ. ಅದರ ಮೇಲೆ, ಅರ್ಧಕ್ಕೆ ನಿಂತ ಅಪ್‌ಡೇಟ್‌ಗಳು ಪದೇ ಪದೇ ಪ್ರಯತ್ನಿಸಿ ಇರುವ 8 ಕೆಬಿಯನ್ನೂ ತಿನ್ನುತ್ತವೆ.

ಅವರ ಫೋನಿನಲ್ಲಿ ಡೇಟಾ ಸೇವರ್ ಆನ್ ಮಾಡಿ, ಯುಪಿಐ ಮತ್ತು ವಾಟ್ಸ್‌ಆ್ಯಪ್ ಎರಡಕ್ಕೆ ಮಾತ್ರ ಅದರಿಂದ ವಿನಾಯಿತಿ ಕೊಟ್ಟೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ, ವಿಡಿಯೋ ತಾನಾಗಿ ಇಳಿಯುವುದನ್ನು ಮೊಬೈಲ್ ಡೇಟಾದಲ್ಲಿ ನಿಲ್ಲಿಸಿದೆ. ಫೋಟೊ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್ ವೈಫೈಯಲ್ಲಿ ಮಾತ್ರ. ಸಾಲು ಖಾಲಿಯಾದಾಗ, ಅದೇ ಪಾಲು ಮುಗಿದ ಸಿಮ್‌ನಲ್ಲಿ ಹಣ ಕೆಲವೇ ಸೆಕೆಂಡಿನಲ್ಲಿ ಹೋಯಿತು. ವಿಡಿಯೋ ನೋಡುವ ಆಸೆ ಮಾತ್ರ ಬೇಡ, ಅದಕ್ಕೆ ಟಾಪ್‌ಅಪ್ ಒಂದೇ ದಾರಿ.

ಮನೆಯ ಬ್ರಾಡ್‌ಬ್ಯಾಂಡ್‌ನವರಿಗೆ ಪರಿಸ್ಥಿತಿ ಇಷ್ಟು ಕಠಿಣವಲ್ಲ. ಸ್ಥಿರ ಬ್ರಾಡ್‌ಬ್ಯಾಂಡ್‌ನಲ್ಲಿ ಮಿತಿ ಮುಗಿದ ಮೇಲೂ ಇಳಿಕೆಯ ವೇಗ 512 ಕೆಬಿಪಿಎಸ್‌ಗಿಂತ ಕೆಳಗೆ ಬೀಳಕೂಡದು ಎಂದು ಟ್ರಾಯ್ 2016ರಲ್ಲಿ ನಿರ್ದೇಶನ ಕೊಟ್ಟಿತು. ಮೊಬೈಲ್‌ನಲ್ಲಿ ನಾವು ಪಡೆಯುತ್ತಿರುವುದು ಅದರ ಎಂಟನೇ ಒಂದು ಭಾಗ. ಮೊಬೈಲ್ ಒಂದನ್ನೇ ನಂಬಿಕೊಂಡ ಅಂಗಡಿ, ವಿದ್ಯಾರ್ಥಿಗಳು ಇಷ್ಟು ಮಂದಿ ಇರುವಾಗ ಅವರಿಗೂ ಇಂಥ ತಳಮಿತಿ ಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಮಧ್ಯರಾತ್ರಿ ಲೆಕ್ಕ ಹೊಸದಾದಾಗ ಪಾಲಿಸಿ ಸರ್ವರ್ ಹಳೆಯ ನಿಯಮವನ್ನು ಹಿಂತೆಗೆದುಕೊಳ್ಳುತ್ತದೆ. ಓಡುತ್ತಿದ್ದ ಕಡತ ಇದ್ದಕ್ಕಿದ್ದಂತೆ ವೇಗ ಹಿಡಿಯುವುದನ್ನು ನೋಡಿದ್ದೇನೆ. 12 ದಾಟಿದರೂ ವೇಗ ಏರದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ: ಹಳೆಯ ಸಂಪರ್ಕ ಕಡಿದು ಹೊಸದು ಕಟ್ಟುವಾಗ ಗೇಟ್‌ವೇ ನಿಮ್ಮ ನಿಯಮಗಳನ್ನು ಮೊದಲಿನಿಂದ ಕೇಳಿ ತಿಳಿಯುತ್ತದೆ. ಆಗಲೂ 8 ಕೆಬಿಯಲ್ಲೇ ನಿಂತರೆ ಪ್ಲಾನ್‌ನ ಅವಧಿಯೋ ಲೆಕ್ಕವೋ ತಪ್ಪಿದೆ. ಕಸ್ಟಮರ್ ಕೇರ್‌ಗೆ ಕರೆ ಮಾಡುವ ಮೊದಲು ಕಂಪನಿಯ ಆ್ಯಪ್‌ನಲ್ಲಿ ಉಳಿದ ಡೇಟಾ ಎಷ್ಟು ತೋರಿಸುತ್ತಿದೆ ಎಂಬುದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.