ಹನ್ನೆರಡು ಮಕ್ಕಳು, ಒಂದು ಮಹಡಿ ಕೋಣೆ: ಜೂನಿಯರ್‌ಗಳಿಗೆ ಸಿಇಟಿ ಓದಿಸಿದ ನನ್ನ ಅನುಭವ

ಪಿಯುಸಿಯಲ್ಲಿ ಕಾಲೇಜಿಗೆ ಫಸ್ಟ್ ಬಂದರೆ ಸಾಕು, ಅಕ್ಕಪಕ್ಕದವರು ಕೇಳಲು ಶುರು ಮಾಡುತ್ತಾರೆ: "ನಮ್ಮ ಹುಡುಗನಿಗೂ ಸ್ವಲ್ಪ ಹೇಳ್ಕೊಡಮ್ಮ." ನನ್ನನ್ನೂ ಕೇಳಿದರು. ನಾನು ಹಾಸನದಲ್ಲೇ ಎಂಜಿನಿಯರಿಂಗ್ ಸೇರಿದ್ದೆ, ಮನೆಯೂ ಅಲ್ಲೇ. ಹಾಗಾಗಿ ನಾನು ಓದಿದ ಪಿಯು ಕಾಲೇಜಿನ ಸೆಕೆಂಡ್ ಪಿಯು ಮಕ್ಕಳಿಗಾಗಿ ಒಂದು ಸಿಇಟಿ ಗುಂಪು ಕಟ್ಟಿದೆ. ಅದನ್ನು ಹೇಗೆ ನಡೆಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದನ್ನೇ ಮಾಡಬೇಕು ಅಂದುಕೊಂಡಿರುವ ಟಾಪರ್‌ಗಳಿಗೆ ಕೆಲಸಕ್ಕೆ ಬರಬಹುದು.

ಮೊದಲೇ ಒಂದು ನಿರ್ಧಾರ ಮಾಡಿದ್ದೆ. ಇದು ನಾನು ಪಾಠ ಮಾಡುವ ಟ್ಯೂಷನ್ ಅಲ್ಲ. ಪಾಠ ಕಾಲೇಜಿನಲ್ಲಿ ನಡೆಯುತ್ತದೆ, ಲೆಕ್ಚರರ್‌ಗಳು ನನಗಿಂತ ಚೆನ್ನಾಗಿ ಮಾಡುತ್ತಾರೆ. ಎಂಬತ್ತು ಮಕ್ಕಳ ಕ್ಲಾಸಿನಲ್ಲಿ ಅವರಿಗೆ ಮಾಡಲಾಗದ ಕೆಲಸ ಬೇರೆಯೇ ಇದೆ. ಒಂದೊಂದು ಮಗು ಎಲ್ಲಿ, ಯಾಕೆ ತಪ್ಪಿತು ಅಂತ ಕೂತು ನೋಡುವುದು. ಇನ್ನೊಂದು ಮಾತು: ಒಂದು ವಿಷಯ ಮೊನ್ನೆ ತಾನೇ ಅರ್ಥವಾದವರಿಗೆ ಗೊಂದಲ ಎಲ್ಲಿತ್ತು ಅಂತ ಇನ್ನೂ ನೆನಪಿರುತ್ತದೆ. ಟಾಪರ್‌ಗೆ ಅದು ಮರೆತು ಹೋಗಿರುತ್ತದೆ. ಅದಕ್ಕೇ ವಿವರಿಸುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ. ಪ್ರಶ್ನೆ ಆರಿಸುವುದು, ತಪ್ಪುಗಳನ್ನು ಓದುವುದು ಮಾತ್ರ ನನ್ನ ಕೆಲಸ.

ಶುರು ಮಾಡಿದ ದಿನ ಮಕ್ಕಳ ಜೊತೆ ಅಪ್ಪ ಅಮ್ಮಂದಿರನ್ನೂ ಕೂರಿಸಿ ಒಂದು ಲೆಕ್ಕ ತೋರಿಸಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸೆಕೆಂಡ್ ಪಿಯುನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡ್ ಕಡೆ ಮೂರು ವಿಷಯಕ್ಕೆ 300 ಅಂಕ, ಸಿಇಟಿ ಕಡೆ 180. ಒಬ್ಬ ಹುಡುಗನಿಗೆ ಬೋರ್ಡಿನಲ್ಲಿ 240, ಸಿಇಟಿಯಲ್ಲಿ 90 ಬಂತು ಅಂದುಕೊಳ್ಳಿ. ಅಂದರೆ ಶೇಕಡಾ 80 ಮತ್ತು ಶೇಕಡಾ 50, ಎರಡರ ಸರಾಸರಿ 65. ಅವನು ಬೋರ್ಡಿನಲ್ಲಿ ಇನ್ನೂ 15 ಅಂಕ ತೆಗೆದರೆ ಸರಾಸರಿ 67.5 ಆಗುತ್ತದೆ. ಅದೇ 15 ಅಂಕ ಸಿಇಟಿಯಲ್ಲಿ ಜಾಸ್ತಿ ಬಂದರೆ 69 ದಾಟುತ್ತದೆ. ಬೋರ್ಡ್ ಪರೀಕ್ಷೆ ಮುಗಿಯಲಿ, ಆಮೇಲೆ ಸಿಇಟಿ ನೋಡಿಕೊಳ್ಳೋಣ ಅನ್ನುತ್ತಿದ್ದ ಮನೆಯವರು ಈ ಲೆಕ್ಕ ನೋಡಿದ ಮೇಲೆ ಅಕ್ಟೋಬರ್‌ನಿಂದಲೇ ಕಳಿಸಲು ಒಪ್ಪಿದರು. ಎರಡು ಪರೀಕ್ಷೆಗಳ ನಡುವೆ ಸಿಗುವ ಕೆಲವೇ ವಾರಗಳಲ್ಲಿ ಮರೆತಿರುವ ಫಸ್ಟ್ ಪಿಯು ಪಾಠಗಳನ್ನೂ ಮುಗಿಸಲು ಆಗುವುದಿಲ್ಲ.

ಗುಂಪಿಗೆ ಹನ್ನೆರಡೇ ಜನ. ಸಂಜೆ ನಾಲ್ಕೂವರೆಯಿಂದ ಆರು ಕಾಲು. ಅದಕ್ಕಿಂತ ತಡವಾದರೆ ಹಳ್ಳಿಯಿಂದ ಬರುವ ಹುಡುಗಿಯರಿಗೆ ಬಸ್ ತಪ್ಪುತ್ತದೆ. ಬಸ್ ತಪ್ಪಿದ ಮರುದಿನ ಮನೆಯಲ್ಲಿ ಕಳಿಸುವುದಿಲ್ಲ. ಟೈಮ್ ಗೊತ್ತು ಮಾಡುವ ಮುನ್ನ ಬಸ್ ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಿ.

ದಿನಕ್ಕೆ ಎಂಟು ಹತ್ತು ಪ್ರಶ್ನೆ, ಅಷ್ಟೇ. ನಡೆಸುವ ಕ್ರಮ ನನ್ನದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದದ್ದು. ಬೋರ್ಡಿನ ಮೇಲೆ ಪ್ರಶ್ನೆ ಬರೆಯುತ್ತೇನೆ. ಯಾರೂ ಮಾತಾಡುವ ಹಾಗಿಲ್ಲ. ಎಲ್ಲರೂ ಒಂದು ಚೀಟಿಯಲ್ಲಿ ಉತ್ತರ ಬರೆದು, ಕೆಳಗೆ ಒಂದು ಸಾಲಿನ ಕಾರಣ ಬರೆಯಬೇಕು. ಆಮೇಲೆ ಎ, ಬಿ, ಸಿ, ಡಿ ಕಾರ್ಡ್ ಎತ್ತಬೇಕು. ನಾನು ಎಣಿಸುತ್ತೇನೆ. ಹನ್ನೆರಡರಲ್ಲಿ ನಾಲ್ಕಕ್ಕಿಂತ ಕಡಿಮೆ ಸರಿ ಇದ್ದರೆ ಚರ್ಚೆಗೆ ಬಿಡುವುದಿಲ್ಲ, ಯಾರಿಗೂ ಗೊತ್ತಿಲ್ಲದ್ದನ್ನು ಚರ್ಚಿಸಿ ಏನೂ ಸಿಗದು. ಆ ಪಾಠವನ್ನು ಲೆಕ್ಚರರ್ ಹತ್ತಿರ ಮತ್ತೆ ಕೇಳಿಸಿಕೊಳ್ಳಬೇಕು, ಇಲ್ಲವೇ ನಾನು ಹೇಳಬೇಕು. ಒಂಬತ್ತು ಜನರದ್ದು ಸರಿ ಇದ್ದರೆ ಎರಡು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾಲ್ಕರಿಂದ ಎಂಟರ ಒಳಗಿದ್ದರೆ ಮಾತ್ರ "ಬೇರೆ ಉತ್ತರ ಬರೆದವರ ಪಕ್ಕ ಹೋಗಿ ಕೂತ್ಕೊಳ್ಳಿ" ಅನ್ನುತ್ತೇನೆ. ನಾಲ್ಕು ನಿಮಿಷ ಮಾತು, ಮತ್ತೆ ಕಾರ್ಡ್.

ಒಂದು ಪ್ರಶ್ನೆ ಹೇಳುತ್ತೇನೆ. 220 ವೋಲ್ಟ್‌ನ ಎರಡು ಫಿಲಮೆಂಟ್ ಬಲ್ಬುಗಳು, ಒಂದು 60 ವ್ಯಾಟ್, ಇನ್ನೊಂದು 100 ವ್ಯಾಟ್. ಎರಡನ್ನೂ ಸಿರೀಸ್‌ನಲ್ಲಿ ಜೋಡಿಸಿ 220 ವೋಲ್ಟ್ ಕೊಟ್ಟರೆ ಯಾವುದು ಜಾಸ್ತಿ ಬೆಳಗುತ್ತದೆ? ಐದು ಕಾರ್ಡ್ 60 ಅಂದವು, ಏಳು 100 ಅಂದವು. ಮಾತು ಶುರುವಾಯಿತು. "100 ವ್ಯಾಟ್ ಅಂದ್ರೇನೇ ಜಾಸ್ತಿ ಬೆಳಕು ಅಲ್ವಾ?" ಅಂತ ಒಬ್ಬ. ಪಕ್ಕದ ಹುಡುಗಿ ಕೇಳಿದಳು, "ಅದು ಮನೇಲಿ. ಮನೇಲಿ ಎರಡಕ್ಕೂ 220 ಸಿಗುತ್ತೆ. ಇಲ್ಲಿ ಒಂದೊಂದಕ್ಕೆ ಎಷ್ಟು ಸಿಗುತ್ತೆ ಹೇಳು?" ಅವನಿಗೆ ಹೇಳಲಾಗಲಿಲ್ಲ. ಆಗ ಅವಳು R = V²/P ಬರೆದು ತೋರಿಸಿದಳು. 60 ವ್ಯಾಟ್ ಬಲ್ಬಿನ ರೋಧ ಸುಮಾರು 807 ಓಮ್, 100ರದ್ದು 484. ಸಿರೀಸ್‌ನಲ್ಲಿ ಕರೆಂಟ್ ಎರಡಕ್ಕೂ ಒಂದೇ. ಹಾಗಾದರೆ ರೋಧ ಜಾಸ್ತಿ ಇರುವ ಕಡೆ ಶಕ್ತಿ ಜಾಸ್ತಿ ಖರ್ಚಾಗುತ್ತದೆ. 60 ವ್ಯಾಟ್‌ನದ್ದೇ ಹೆಚ್ಚು ಬೆಳಗುತ್ತದೆ. ಎರಡನೇ ಸಲ ಹನ್ನೊಂದು ಕಾರ್ಡ್ ಸರಿಯಾಗಿದ್ದವು. "ಮನೇಲಿ ಎಷ್ಟು ಸಿಗುತ್ತೆ, ಇಲ್ಲಿ ಎಷ್ಟು ಸಿಗುತ್ತೆ" ಎಂಬ ಆ ಪ್ರಶ್ನೆ ನನ್ನ ಬಾಯಿಂದ ಬರುತ್ತಿರಲಿಲ್ಲ. ನಾನಾಗಿದ್ದರೆ ನೇರ ಸೂತ್ರ ಬರೆದುಬಿಡುತ್ತಿದ್ದೆ.

ಇದು ಕೆಡುವ ರೀತಿಯೂ ಒಂದಿದೆ. ಗುಂಪಿನಲ್ಲಿ ಒಬ್ಬ ಜೋರು ಮಾತಿನವನು ಇದ್ದೇ ಇರುತ್ತಾನೆ. ಉಳಿದವರು ಅವನ ಕಾರ್ಡ್ ನೋಡಿ ತಮ್ಮದನ್ನು ಬದಲಿಸುತ್ತಾರೆ. ಇದು ಗೊತ್ತಾಗುವುದು ಅವನೇ ತಪ್ಪಿದ ದಿನ: ಎರಡನೇ ಸುತ್ತಿನಲ್ಲಿ ಸರಿ ಉತ್ತರಗಳು ಹೆಚ್ಚುವ ಬದಲು ಕಡಿಮೆಯಾಗುತ್ತವೆ. ಚೀಟಿಯಲ್ಲಿ ಕಾರಣ ಬರೆಸುವುದು ಅದಕ್ಕೇ. ಮನೆಗೆ ಹೋಗಿ ಚೀಟಿ ಓದುವಾಗ ಕಾರಣದ ಜಾಗ ಖಾಲಿ ಬಿಟ್ಟಿರುವವರು ಯಾರು ಅಂತ ನೋಡುತ್ತೇನೆ. ಸತತ ಮೂರು ನಾಲ್ಕು ಸಲ ಖಾಲಿ ಇದ್ದರೆ ಆ ಮಗುವನ್ನು ಹತ್ತು ನಿಮಿಷ ಮುಂಚೆ ಬರಲು ಹೇಳಿ, ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸುತ್ತೇನೆ.

ಭಾನುವಾರ ಒಂದು ವಿಷಯದ ಪೂರ್ತಿ ಟೆಸ್ಟ್. ಸಿಇಟಿಯ ಹಾಗೇ 60 ಪ್ರಶ್ನೆ, 80 ನಿಮಿಷ, ಜೆರಾಕ್ಸ್ ಮಾಡಿದ ಒಎಂಆರ್ ಹಾಳೆ. ಅಂಕ ಕೊಟ್ಟು ಕಳಿಸುವುದಿಲ್ಲ. ಪ್ರತಿ ತಪ್ಪಿನ ಮುಂದೆ ಅವರೇ ಗುರುತು ಹಾಕಬೇಕು: ಗೊತ್ತಿರಲಿಲ್ಲವೋ, ಗೊತ್ತಿದ್ದೂ ತಪ್ಪಿತೋ, ಟೈಮ್ ಸಾಲಲಿಲ್ಲವೋ. ಸುಮ್ನೆ ಹೊಡೆದು ಸರಿಯಾದ ಉತ್ತರದ ಮುಂದೆ ಒಂದು ಚುಕ್ಕಿ. ಆ ಚುಕ್ಕಿ ಹಾಕಿಸುವುದೇ ಕಷ್ಟ, ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಅದಿಲ್ಲದೆ ಲೆಕ್ಕ ಸುಳ್ಳಾಗುತ್ತದೆ.

ಒಬ್ಬ ಹುಡುಗಿಯ ಮ್ಯಾತ್ಸ್ ಹಾಳೆ ಹೀಗಿತ್ತು. 27 ಸರಿ, 24 ತಪ್ಪು, 9 ಖಾಲಿ. ಮನೆಯಲ್ಲಿ "ಮ್ಯಾತ್ಸ್ ಬರಲ್ಲ ಇವಳಿಗೆ" ಅಂತ ತೀರ್ಮಾನಿಸಿದ್ದರು. ಗುರುತು ನೋಡಿದರೆ ಕಥೆಯೇ ಬೇರೆ. 24 ತಪ್ಪಿನಲ್ಲಿ ಗೊತ್ತಿಲ್ಲದ್ದು ಹತ್ತು ಮಾತ್ರ, ಅದರಲ್ಲೂ ಆರು ವೆಕ್ಟರ್ ಮತ್ತು ತ್ರೀ-ಡಿ ಜ್ಯಾಮಿತಿಯವು. ಹದಿನಾಲ್ಕು ಗೊತ್ತಿದ್ದೂ ತಪ್ಪಿದವು. sin x ಇಂಟಿಗ್ರೇಟ್ ಮಾಡಿ ಮೈನಸ್ ಬಿಟ್ಟಿದ್ದಳು. "ಯಾವುದು ಸರಿಯಲ್ಲ" ಅನ್ನುವಲ್ಲಿ ಸರಿಯಾದದ್ದನ್ನು ಗುರುತಿಸಿದ್ದಳು. ಖಾಲಿ ಬಿಟ್ಟ ಒಂಬತ್ತೂ ಕೊನೆಯ ಎರಡು ಪುಟದವು, ಪ್ರಶ್ನೆಯನ್ನೇ ಓದಿರಲಿಲ್ಲ. ಯಾಕೆ ಅಂದರೆ ನಡುವೆ ಒಂದು ಲೆಕ್ಕಕ್ಕೆ ಆರೇಳು ನಿಮಿಷ ಕೊಟ್ಟಿದ್ದಳು. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡ್.

ಅವಳಿಗೆ ಹೊಸ ಪಾಠ ಜಾಸ್ತಿ ಬೇಕಿರಲಿಲ್ಲ. ಎರಡು ಅಧ್ಯಾಯ ಗುಂಪಿನ ಇನ್ನೊಬ್ಬಳ ಜೊತೆ ಕೂತು ಮತ್ತೆ ಓದಿದಳು. "ಅಲ್ಲ", "ಹೊರತು" ಎಂಬ ಪದ ಕಂಡ ಕಡೆ ಗೆರೆ ಎಳೆಯುವುದನ್ನು ರೂಢಿ ಮಾಡಿಕೊಂಡಳು. ಪರೀಕ್ಷೆಯನ್ನು ಎರಡು ಸುತ್ತು ಮಾಡಿದೆವು. ಮೊದಲ 50 ನಿಮಿಷದಲ್ಲಿ ಎಲ್ಲಾ 60 ಪ್ರಶ್ನೆ ಓದಿ, ಬೇಗ ಆಗುವಂಥವನ್ನು ಮುಗಿಸಿ, ಉಳಿದದ್ದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಸುತ್ತು ಹಾಕುವುದು. ಮುಂದಿನ 25 ನಿಮಿಷ ಸುತ್ತು ಹಾಕಿದವು. ಕೊನೆಯ 5 ನಿಮಿಷದಲ್ಲಿ ಒಂದೂ ಖಾಲಿ ಬಿಡದೆ ತುಂಬುವುದು. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಯಲ್ಲಿ ಒಂಬತ್ತು ಪ್ರಶ್ನೆ ಊಹಿಸಿದರೂ ಸರಾಸರಿ ಎರಡು ಸಿಗುತ್ತದೆ. ನೀಟ್ ಬರೆಯುವವರಿಗೆ ಮಾತ್ರ ಈ ಅಭ್ಯಾಸ ಬೇಡ, ಅಲ್ಲಿ ತಪ್ಪಿಗೊಂದು ಅಂಕ ಹೋಗುತ್ತದೆ. ಒಂದೇ ಗುಂಪಿನಲ್ಲಿ ಎರಡಕ್ಕೂ ಓದುವವರಿದ್ದರೆ ಬೇರೆ ಬೇರೆ ದಿನ ಟೆಸ್ಟ್ ಇಡಬೇಕು. ಪರೀಕ್ಷೆಗೆ ಮುಂಚಿನ ಕೊನೆಯ ಟೆಸ್ಟಿನಲ್ಲಿ ಅವಳಿಗೆ 38 ಬಂತು. ಅಲ್ಲಿಂದ ಮೇಲೆ ಹೋಗಲು ಗೊತ್ತಿಲ್ಲದ್ದನ್ನು ಕಲಿಯಲೇಬೇಕಿತ್ತು, ಅದಕ್ಕೆ ಸಮಯ ಇರಲಿಲ್ಲ. ತಪ್ಪಿನ ಹಾಳೆಯಿಂದ ಆಗುವುದು ಅಷ್ಟೇ.

ಚೆನ್ನಾಗಿ ಓದುವ ಮಕ್ಕಳ ಮನೆಯವರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟದ ಕೆಲಸ. ಒಬ್ಬ ತಂದೆ ನೇರವಾಗಿ ಕೇಳಿದರು, "ಫೀಸ್ ಕೊಡೋದು ನಾನು, ನನ್ನ ಮಗ ಬೇರೆಯವರಿಗೆ ಹೇಳ್ಕೊಡ್ತಾನೆ. ಇವನಿಗೇನು ಲಾಭಮ್ಮ?" ನ್ಯಾಯವಾದ ಪ್ರಶ್ನೆ. ಅವರ ಮಗನ ಚೀಟಿಗಳನ್ನೇ ಮುಂದಿಟ್ಟೆ. ಉತ್ತರ ಸರಿ, ಕಾರಣ ತಪ್ಪು ಅಂತ ಇದ್ದ ಚೀಟಿಗಳು. "ಅಂಕಲ್, ಇದನ್ನು ಇನ್ನೊಬ್ಬರಿಗೆ ವಿವರಿಸೋಕೆ ಹೋದಾಗಲೇ ಅವನಿಗೆ ಗೊತ್ತಾಗಿದ್ದು" ಅಂದೆ. ಅವರು ಬಿಡಿಸಲಿಲ್ಲ. ಆದರೂ ಅಂಥ ಮಕ್ಕಳಿಗೆ ಭಾನುವಾರ ಹತ್ತು ಕಷ್ಟದ ಪ್ರಶ್ನೆ ಬೇರೆ ಕೊಡುತ್ತಿದ್ದೆ. ಕೊಡದಿದ್ದರೆ ಅವರಿಗೆ ಬೇಜಾರಾಗುತ್ತದೆ.

ದುಡ್ಡಿನ ವಿಷಯ. ತಿಂಗಳಿಗೆ 600 ರೂಪಾಯಿ ಫೀ. ಇಬ್ಬರಿಂದ ತೆಗೆದುಕೊಳ್ಳಲಿಲ್ಲ, ಉಳಿದ ಹತ್ತು ಜನರಿಂದ 6,000. ಮಹಡಿ ಕೋಣೆಯ ಬಾಡಿಗೆ 2,000, ಜೆರಾಕ್ಸ್ 600 ರೂಪಾಯಿಯ ಆಸುಪಾಸು. ನನಗೆ ಉಳಿದದ್ದು 3,400. ನನ್ನ ಸೆಮಿಸ್ಟರ್ ಪರೀಕ್ಷೆ ಇರುವ ವಾರಗಳಲ್ಲಿ ಗುಂಪು ಇರುವುದಿಲ್ಲ ಅಂತ ಮೊದಲೇ ಹೇಳಿದ್ದೆ. ರ‍್ಯಾಂಕ್ ಕೊಡಿಸುತ್ತೇನೆ ಅಂತ ಯಾರಿಗೂ ಹೇಳಲಿಲ್ಲ.

ಹೆಸರು ಬಂದ ಮೇಲೆ ದೊಡ್ಡದು ಮಾಡು ಅಂತ ಹೇಳುವವರು ಜಾಸ್ತಿಯಾದರು. ಕೇಂದ್ರ ಶಿಕ್ಷಣ ಸಚಿವಾಲಯ ಜನವರಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅದನ್ನು ಕೋಚಿಂಗ್ ಸೆಂಟರ್ ಎಂದು ಪರಿಗಣಿಸಲಾಗುತ್ತದೆ, ಅಲ್ಲಿ ಹೇಳಿಕೊಡುವವರು ಪದವಿ ಮುಗಿಸಿರಬೇಕು. ನನ್ನದಿನ್ನೂ ಮುಗಿದಿರಲಿಲ್ಲ. ಅದಿಲ್ಲದಿದ್ದರೂ ಹದಿನೈದು ಜನ ದಾಟಿದರೆ ಚೀಟಿ ಓದಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಅದಕ್ಕೇ ಎರಡನೇ ವರ್ಷ ಇನ್ನೊಂದು ಪುಟ್ಟ ಗುಂಪು ಮಾಡಿದೆವು. ಅದನ್ನು ನಡೆಸಿದ್ದು ಮೊದಲ ಗುಂಪಿನಲ್ಲಿ ಕೂತು ಸಿಇಟಿ ಬರೆದ ಇಬ್ಬರು. ಆ ಗುಂಪಿನ ಫೀಯಲ್ಲಿ ಖರ್ಚು ಕಳೆದು ಉಳಿದದ್ದು ಪೂರ್ತಿ ಅವರಿಗೆ. ನಾನು ಕೊಟ್ಟದ್ದು ಪ್ರಶ್ನೆಗಳ ಫೈಲ್. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಮೊದಲ ಸಲ ಎಷ್ಟು ಕಾರ್ಡ್ ಸರಿ, ಎರಡನೇ ಸಲ ಎಷ್ಟು ಅಂತ ಬರೆದಿಟ್ಟಿದ್ದೆ. ಮೊದಲ ವಾರ ಹಿಂದೆ ಕೂತು ನೋಡಿದೆ, ಆಮೇಲೆ ಶನಿವಾರ ಮಾತ್ರ ಚೀಟಿಗಳ ಕಟ್ಟು ನನ್ನ ಮನೆಗೆ ಬರುತ್ತಿತ್ತು.